ರೊಟ್ಟಿ ಸಲೀಸಾಗಿ ಇಳಿಯುತ್ತೆ, ಉಗುಳು ಮಾತ್ರ ಸಿಕ್ಕಿಕೊಳ್ಳುತ್ತೆ

ಪ್ರಶ್ನೆ: "ಎರಡು ತಿಂಗಳಿಂದ ಗಂಟಲ್ದಾಗ ಏನೋ ಸಿಕ್ಕಂಗ ಆಗ್ತದ. ಊಟಕ್ಕ ಏನೂ ತ್ರಾಸ ಇಲ್ಲ, ನೀರೂ ಇಳೀತದ. ಸುಮ್ನೆ ಕುಂತಾಗ ಮಾತ್ರ ಜಾಸ್ತಿ. ವಯಸ್ಸು 36, ಯಾದಗಿರಿ. ಗುಟ್ಕಾ ಬಿಟ್ಟು ಒಂದು ವರ್ಷ ಆತು. ಕ್ಯಾನ್ಸರ್ ಇರಬಹುದಾ?"

ನಾನು ಕಲಬುರಗಿಯಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರ್. ನೀವು ಬರೆದಿರುವ ರೀತಿ ನೋಡಿದರೆ ಇದು ಹೆಚ್ಚಾಗಿ ನಾವು ಗ್ಲೋಬಸ್ ಅನ್ನುವ ತೊಂದರೆ. ಗಡ್ಡೆ ಇದ್ದರೆ ಮೊದಲು ತಡೆಯುವುದು ಗಟ್ಟಿ ಪದಾರ್ಥವನ್ನು, ಅಂದರೆ ಖಡಕ್ ರೊಟ್ಟಿ ನಿಲ್ಲುತ್ತೆ, ಆಮೇಲೆ ಮೆತ್ತಗಿನ ಅನ್ನ, ಕೊನೆಗೆ ನೀರು. ಗ್ಲೋಬಸ್‌ನಲ್ಲಿ ಉಲ್ಟಾ. ರೊಟ್ಟಿ ತಿನ್ನುವಾಗ ಆ ಗಂಟು ಮಾಯವಾಗುತ್ತೆ, ಬರೀ ಉಗುಳು ನುಂಗುವಾಗ ಮತ್ತೆ ಬರುತ್ತೆ.

ಗಂಟಲು ಮುಗಿದು ಅನ್ನನಾಳ ಶುರುವಾಗುವ ಕಡೆ, ಗಂಟಲಮಣಿಯ ಸ್ವಲ್ಪ ಕೆಳಗೆ, ಉಂಗುರದಂಥ ಒಂದು ಸ್ನಾಯು ಇದೆ. ಅದು ಸದಾ ಮುಚ್ಚಿಕೊಂಡೇ ಇರುತ್ತೆ, ನುಂಗಿದಾಗ ಮಾತ್ರ ಕ್ಷಣಹೊತ್ತು ತೆರೆಯುತ್ತೆ. ಮನಸ್ಸಿಗೆ ಟೆನ್ಶನ್ ಆದಾಗ ಇದು ಇನ್ನಷ್ಟು ಬಿಗಿಯಾಗಬಹುದು. ಆ ಬಿಗಿತವೇ ನಮಗೆ ಗಂಟಿನಂತೆ ಅನ್ನಿಸುತ್ತೆ. ತುತ್ತು ಬಂದಾಗ ಸ್ನಾಯು ಪೂರ್ತಿ ಹಿಗ್ಗಿ ಸಡಿಲವಾಗುತ್ತೆ, ಅದಕ್ಕೇ ಊಟದ ಹೊತ್ತು ಆರಾಮ.

ಈಗಲೇ ಒಂದು ಪರೀಕ್ಷೆ ಮಾಡಿ ನೋಡಿ. ನೀರಿಲ್ಲದೆ ಐದು ಸಲ ಬೆನ್ನುಬೆನ್ನಿಗೆ ಉಗುಳು ನುಂಗಿ. ಮೂರನೆಯದೋ ನಾಲ್ಕನೆಯದೋ ಬರುವಷ್ಟರಲ್ಲಿ ಗಂಟಲು ಒಣಗಿ ಸಿಕ್ಕಿಕೊಂಡ ಹಾಗಾಗುತ್ತೆ. ಏನೂ ತೊಂದರೆ ಇಲ್ಲದವರಿಗೂ ಹಾಗೇ ಆಗುತ್ತೆ. ಗಂಟು ಇದೆಯಾ ಹೋಯ್ತಾ ಅಂತ ನೋಡಲು ಇಡೀ ದಿನ ನುಂಗುತ್ತಾ, ಕೆಮ್ಮಿ ಗಂಟಲು ಸರಿ ಮಾಡಿಕೊಳ್ಳುತ್ತಾ ಇದ್ದರೆ ಆ ಗಂಟನ್ನು ನಾವೇ ಸಾಕಿದ ಹಾಗೆ.

ಆಳಂದ ಕಡೆಯ ಒಬ್ಬ ಶಿಕ್ಷಕಿ ನೆನಪಾಗುತ್ತಾರೆ (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ). ಮಾವನವರು ಗಂಟಲು ಕ್ಯಾನ್ಸರ್‌ನಿಂದ ತೀರಿಕೊಂಡ ಮೇಲೆ ಶುರುವಾಗಿತ್ತು. ಮಾತಾಡುವಾಗ ನಡುನಡುವೆ "ಹ್ಞಂ" ಅಂತ ಗಂಟಲು ಸರಿ ಮಾಡಿಕೊಳ್ಳುತ್ತಿದ್ದರು. ಮೂಗಿಗೆ ಮರಗಟ್ಟಿಸುವ ಔಷಧಿ ಹೊಡೆದು, ತೆಳ್ಳಗಿನ ಸ್ಕೋಪ್ ಇಳಿಸಿದೆ. ಕೆಲವೇ ನಿಮಿಷದ ಕೆಲಸ. "ಈ..." ಅನ್ನಿಸಿದೆ. ಎರಡೂ ಸ್ವರತಂತುಗಳು ಚೆನ್ನಾಗಿ ಕೂಡುತ್ತಿದ್ದವು, ಗಡ್ಡೆ ಗಿಡ್ಡೆ ಏನೂ ಇರಲಿಲ್ಲ. ಪರದೆಯ ಮೇಲೆ ಅವರಿಗೇ ತೋರಿಸಿದೆ. ನಿಜ ಹೇಳಬೇಕೆಂದರೆ ಅರ್ಧ ಔಷಧಿ ಅದೇ.

ಕೇಳುತ್ತಾ ಹೋದಂತೆ ಇನ್ನೊಂದು ವಿಷಯ ಹೊರಬಿತ್ತು. ರಾತ್ರಿ ಹತ್ತೂವರೆಗೆ ಊಟ, ಮೇಲೆ ಒಂದು ಕಪ್ ಚಹಾ, ತಕ್ಷಣ ಹಾಸಿಗೆ. ವಾರಕ್ಕೆ ಎರಡು ಮೂರು ದಿನ ಎದೆಯುರಿ, ಹುಳಿತೇಗು. ಹೊಟ್ಟೆಯ ಆಮ್ಲ ಗಂಟಲವರೆಗೆ ಬಂದರೆ ಅಲ್ಲಿ ಕೆರಳಿಸಬಹುದು. ಕೆಳಗೆ ಅನ್ನನಾಳದಲ್ಲೇ ನಿಂತರೂ ಮೇಲಿನ ಸ್ನಾಯು ಬಿಗಿಯಾಗಬಹುದು. ಹಾಗಾಗಿ ಬೆಳಿಗ್ಗೆ ನಾಷ್ಟಾಕ್ಕೆ ಅರ್ಧ ಗಂಟೆ ಮೊದಲು ಆಮ್ಲ ಕಡಿಮೆ ಮಾಡುವ ಮಾತ್ರೆ ಕೊಟ್ಟೆ, 8 ವಾರಕ್ಕೆ. ಮಲಗುವುದಕ್ಕೆ ಮೂರು ಗಂಟೆ ಮುಂಚೆ ಊಟ ಮುಗಿಸಲು, ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಡಲು ಹೇಳಿದೆ. ದಿಂಬು ಜಾಸ್ತಿ ಇಟ್ಟರೆ ಕುತ್ತಿಗೆ ಮಾತ್ರ ಬಾಗುತ್ತೆ, ಉಪಯೋಗವಿಲ್ಲ.

ಜೊತೆಗೆ ಒಂದು ಅಭ್ಯಾಸ. ಗಂಟಲು ಕೆರೆಯಬೇಕು ಅನ್ನಿಸಿದಾಗಲೆಲ್ಲ ಒಂದು ಗುಟುಕು ನೀರು. ನೀರಿಲ್ಲದಿದ್ದರೆ ಬಾಯಿ ಅಗಲಿಸಿ ಆಕಳಿಸಿ, "ಹಾ..." ಅಂತ ಉಸಿರು ಬಿಡುವುದು. ಎದೆಯುರಿ ಮೊದಲು ಹೋಯಿತು. ಗಂಟು ನಿಧಾನಕ್ಕೆ ಕಡಿಮೆಯಾಯಿತು, ಪರೀಕ್ಷೆಯ ದಿನಗಳಲ್ಲಿ ಈಗಲೂ ಬಂದು ಹೋಗುತ್ತೆ.

ನಿಮಗೆ ಎದೆಯುರಿ, ಹುಳಿತೇಗು ಇಲ್ಲವೆಂದರೆ ಆಮ್ಲದ ಮಾತ್ರೆಯ ಮೇಲೆ ಜಾಸ್ತಿ ಆಸೆ ಇಡಬೇಡಿ. ಎಲ್ಲರ ಗ್ಲೋಬಸ್‌ಗೂ ಆಮ್ಲ ಕಾರಣವಲ್ಲ. ಮೆಡಿಕಲ್ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಹಾಗೆ ಮಾಡಬೇಡಿ.

ಇಷ್ಟೆಲ್ಲ ಹೇಳಿದರೂ, ಗುಟ್ಕಾ ತಿಂದವರಾದ್ದರಿಂದ ನೀವು ಈ ವಾರವೇ ಹೋಗಿ ಸ್ಕೋಪ್ ಮಾಡಿಸಿ. ಬಾಯಿಯನ್ನೂ ತೋರಿಸಿ. ನಿಮ್ಮದೇ ಮೂರು ಬೆರಳು ನಿಲುವಾಗಿ ಜೋಡಿಸಿದರೆ ಹಲ್ಲುಗಳ ನಡುವೆ ಹೋಗಬೇಕು. ಹೋಗದಿದ್ದರೆ ಅದು ಗುಟ್ಕಾದಿಂದ ಬಾಯಿ ಬಿಗಿಯುವ ಬೇರೆ ಕಾಯಿಲೆ ಇರಬಹುದು. ರೊಟ್ಟಿ ಸಿಕ್ಕಿಕೊಳ್ಳುವುದು, ನುಂಗಿದರೆ ನೋವು, ಒಂದೇ ಕಡೆ ಗಂಟಲು ಅಥವಾ ಕಿವಿ ನೋವು, ಮೂರು ವಾರ ದಾಟಿದ ದನಿ ಒಡಕು, ಕುತ್ತಿಗೆಯಲ್ಲಿ ಕೈಗೆ ಸಿಗುವ ಗಂಟು, ಉಗುಳಿನಲ್ಲಿ ರಕ್ತ, ತೂಕ ಇಳಿಯುವುದು, ಇವುಗಳಲ್ಲಿ ಒಂದಿದ್ದರೂ ಇದನ್ನು ಗ್ಲೋಬಸ್ ಅಂತ ಬಿಟ್ಟು ಕೂರುವ ಹಾಗಿಲ್ಲ. ಆಗ ಸ್ಕೋಪ್ ಸರಿಯಿದ್ದರೂ ಅನ್ನನಾಳದ ಎಂಡೋಸ್ಕೋಪಿ ಬೇಕಾಗಬಹುದು, ಅದನ್ನು ಡಾಕ್ಟರ್ ಹತ್ತಿರ ನೀವಾಗಿಯೇ ಕೇಳಿ.