ಫೋಟೋದಲ್ಲಿರುವ ಪಿಎಚ್ ಕಾಗದದ ಬಣ್ಣದಿಂದ ಹೈಡ್ರೋಜನ್ ಅಯಾನುಗಳ ಸಾರತೆಯನ್ನು ಲೆಕ್ಕ ಹಾಕುವುದು

ಪ್ರಶ್ನೆ: ಫೋಟೋದಲ್ಲಿ ಪಿಎಚ್ ಕಾಗದದ ಬಣ್ಣ ಪಕ್ಕದ ಚಾರ್ಟಿನ 4 ಮತ್ತು 5ರ ನಡುವೆ ಕಾಣುತ್ತಿದೆ. ಹೈಡ್ರೋಜನ್ ಅಯಾನುಗಳ ಸಾರತೆ ಎಷ್ಟು?

ಉತ್ತರ: ಪಿಎಚ್ ಸುಮಾರು 4.5 ಎಂದು ಓದಿ. ಆಗ ಸಾರತೆ ಲೀಟರಿಗೆ ಸುಮಾರು 3 × 10⁻⁵ ಮೋಲ್ ಆಗುತ್ತದೆ.

ಸೂತ್ರ [H⁺] = 10⁻ᵖᴴ. ಇಲ್ಲಿ 10⁻⁴·⁵ ಎಂಬುದನ್ನು 10⁰·⁵ × 10⁻⁵ ಎಂದು ಬಿಡಿಸಿದರೆ, 10ರ ವರ್ಗಮೂಲ 3.16 ಆದ್ದರಿಂದ 3.16 × 10⁻⁵ ಸಿಗುತ್ತದೆ. ಅನೇಕರು 10⁻⁴ ಮತ್ತು 10⁻⁵ರ ಸರಾಸರಿ ತೆಗೆದು 5.5 × 10⁻⁵ ಎಂದು ಬರೆಯುತ್ತಾರೆ. ಅದು ತಪ್ಪು, ಏಕೆಂದರೆ ಪಿಎಚ್ ಲಾಗರಿದಮ್ ಮಾನವಾಗಿದ್ದು, ಮಧ್ಯಬಿಂದುವನ್ನು ಪಿಎಚ್‌ನಲ್ಲಿಯೇ ಹಿಡಿಯಬೇಕು.

ಕಣ್ಣಿನ ಓದಿನಲ್ಲಿ ಅರ್ಧ ಘಟಕದಷ್ಟು ವ್ಯತ್ಯಾಸ ಸಹಜ. ಪಿಎಚ್ 4 ಆಗಿದ್ದರೆ ಸಾರತೆ 10⁻⁴, 5 ಆಗಿದ್ದರೆ 10⁻⁵. ಅಂದರೆ ನಿಜವಾದ ಬೆಲೆ ನಮ್ಮ ಉತ್ತರದ ಮೂರು ಪಟ್ಟು ಅಥವಾ ಮೂರನೇ ಒಂದು ಭಾಗವೂ ಇರಬಹುದು. ಹಾಗಾಗಿ 3.16 ಎಂದು ಬರೆದು ಇಲ್ಲದ ನಿಖರತೆಯನ್ನು ತೋರಿಸಬಾರದು, 3 ಸಾಕು.

ಫೋಟೋವನ್ನು ನಂಬುವ ಮೊದಲು ಚಾರ್ಟಿನ ಬಿಳಿ ಅಂಚನ್ನು ನೋಡಿ. ಬಲ್ಬಿನ ಬೆಳಕಿನಿಂದ ಅದು ಹಳದಿಯಾಗಿ ಕಂಡರೆ ಕಿತ್ತಳೆ ಮತ್ತು ಹಳದಿ ಚೌಕಗಳನ್ನು ಬೇರ್ಪಡಿಸುವುದು ಕಷ್ಟ. ಕಾಗದವೂ, ಅದೇ ಪೊಟ್ಟಣದ ಚಾರ್ಟೂ ಒಂದೇ ಫೋಟೋದಲ್ಲಿ ಅಕ್ಕಪಕ್ಕದಲ್ಲಿದ್ದು, ಎರಡರ ಮೇಲೂ ಒಂದೇ ಬೆಳಕು ಬಿದ್ದಿದ್ದರೆ ಮಾತ್ರ ಹೋಲಿಕೆ ನ್ಯಾಯವಾದದ್ದು. ಕಾಗದ ಒಣಗಿದ ಮೇಲೆ ಬಣ್ಣ ಬದಲಾಗುವುದರಿಂದ, ಅದ್ದಿದ ಕೂಡಲೇ, ಪೊಟ್ಟಣದ ಮೇಲೆ ಹೇಳಿದ ಸಮಯದೊಳಗೆ ಫೋಟೋ ತೆಗೆಯಬೇಕು.