ಸೀತಾಪಹರಣದ ಆಟದಲ್ಲಿ ಗೊಂಬೆಗಳ ಗುರುತು ಹಿಡಿಯುವುದು

ಪ್ರಶ್ನೆ: ಮೊದಲ ಸಲ ತೊಗಲುಗೊಂಬೆಯಾಟ ನೋಡಿದೆ, ಸೀತಾಪಹರಣದ ಕಥೆ. ಮಾತು ಸರಿಯಾಗಿ ಕೇಳಿಸಲಿಲ್ಲ. ಗೊಂಬೆಗಳೆಲ್ಲ ಒಂದೇ ತರ ಕಂಡವು. ಬರೀ ಆಕಾರ ನೋಡಿ ಇವನು ರಾಮ, ಇವನು ಲಕ್ಷ್ಮಣ ಅಂತ ಹೇಳೋದು ಹೇಗೆ?

ಮೊದಲು ತಲೆ ನೋಡಿ. ಮುಖ ಆಮೇಲೆ. ಕಿರೀಟವೋ, ಜಟೆಯೋ, ಜಡೆಯೋ, ಬರೀ ಜುಟ್ಟೋ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಅದಾದ ಮೇಲೆ ಮೈಯ ಹೊರಗೆರೆ. ಆಮೇಲೆ ಒಡವೆಗಳಿಂದ ತೂರಿ ಬರುವ ಬೆಳಕಿನ ಚುಕ್ಕೆಗಳು. ಗಾತ್ರ ಕೊನೆಗೆ. ಬಣ್ಣವನ್ನು ಮಾತ್ರ ಪೂರ್ತಿ ನಂಬಬೇಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಕಲಾವಿದನಲ್ಲ. ಒಂದು ತಂಡದ ಜೊತೆ ಕೆಲವು ವರ್ಷ ಪರದೆಯ ಹಿಂದೆ ಕೂತು, ಕಥೆಯ ಸರದಿಗೆ ತಕ್ಕಂತೆ ಗೊಂಬೆ ಎತ್ತಿಕೊಡುವ ಕೆಲಸ ಮಾಡಿದ್ದೇನೆ. ಆ ಮಬ್ಬು ಬೆಳಕಿನಲ್ಲಿ ಬಣ್ಣ ನೋಡುತ್ತಾ ಕೂರುವ ಪುರುಸೊತ್ತು ಇರುವುದಿಲ್ಲ. ಅಂಚು ಕಂಡ ತಕ್ಷಣ ಇದು ಯಾರು ಅಂತ ಗೊತ್ತಾಗಬೇಕು. ನನಗೆ ಗುರುತು ಹಿಡಿಯಲು ಬಂದದ್ದು ಅಲ್ಲೇ. ನೀವು ನೋಡಿದ್ದು ಸೀತಾಪಹರಣ ಅಂದಿರಲ್ಲ, ಅದೇ ಆಟ ಹಿಡಿದು ಹೇಳುತ್ತೇನೆ.

ಅದಕ್ಕೂ ಮೊದಲು ಗೊಂಬೆಯ ಬಗ್ಗೆ ಒಂದು ಮಾತು. ಮೇಕೆಯ ಚರ್ಮದ ಕೂದಲು ಹೆರೆದು, ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿರುತ್ತಾರೆ. ಆಮೇಲೆ ಗೆರೆ ಬರೆದು, ಬಣ್ಣ ಹಾಕಿ, ಸಣ್ಣ ಉಳಿಗಳಿಂದ ತೂತು ಹೊಡೆಯುತ್ತಾರೆ. ಹಾಗಾಗಿ ಪರದೆ ಮೇಲೆ ಬೀಳುವುದು ಬರೀ ಕಪ್ಪು ನೆರಳಲ್ಲ. ಬಣ್ಣ ಇರುವ ಕಡೆ ಬಣ್ಣದ ಬೆಳಕು, ತೂತು ಇರುವ ಕಡೆ ಬಿಳಿ ಬೆಳಕು. ನಡುವೆ ಮೇಲಿಂದ ಕೆಳಗೆ ಒಂದು ಕಪ್ಪು ಗೆರೆ ಕಂಡರೆ ಅದು ಗೊಂಬೆಯನ್ನು ಹಿಡಿದಿರುವ ಬಿದಿರಿನ ಸೀಳು. ಹೊಸಬರು ಅದನ್ನು ದಂಡವೋ ಬಿಲ್ಲೋ ಅಂದುಕೊಳ್ಳುವುದುಂಟು. ಅದನ್ನು ಲೆಕ್ಕದಿಂದ ಬಿಟ್ಟುಬಿಡಿ.

ಈಗ ಪಂಚವಟಿಗೆ ಬನ್ನಿ. ಪರದೆ ಮೇಲೆ ಸೀತೆ ಇದ್ದಾಳೆ. ಅವಳನ್ನು ಗುರುತಿಸುವುದು ಸುಲಭ. ತಲೆಯ ಹಿಂದೆ ಉದ್ದ ಜಡೆ ಇಳಿದಿರುತ್ತದೆ, ಜಡೆಯುದ್ದಕ್ಕೂ ಬಿಲ್ಲೆಗಳ ಬೆಳಕು. ಕೈಯಲ್ಲಿ ಹೂವು ಇರಬಹುದು. ಕೆಳಗೆ ಸೀರೆಯ ನೆರಿಗೆ, ಅಂಚು. ಒಟ್ಟು ಹೊರಗೆರೆ ನುಣುಪಾಗಿ ಇಳಿಯುತ್ತದೆ, ಎಲ್ಲೂ ಚೂಪಾಗಿ ಚುಚ್ಚುವುದಿಲ್ಲ. ಇದನ್ನು ಶೂರ್ಪನಖಿಯ ನಿಜರೂಪದ ಗೊಂಬೆಯ ಜೊತೆ ಹೋಲಿಸಿ ನೋಡಿ. ಕೆದರಿದ ಕೂದಲು, ಮುಂದೆ ಬಂದ ಹಲ್ಲು, ದಪ್ಪ ಮೂಗು, ಜೋಲುವ ಹೊಟ್ಟೆ. ಅಂಚಿನಲ್ಲೇ ಮುಳ್ಳು ಇದ್ದ ಹಾಗಿರುತ್ತದೆ. ಒಡವೆ ಇಬ್ಬರಿಗೂ ಇರಬಹುದು, ಹಾಗಾಗಿ ಒಡವೆ ನೋಡಿ ರಾಣಿ ಅನ್ನಬೇಡಿ. ಕೂದಲು ಕಟ್ಟಿದೆಯೋ ಬಿಚ್ಚಿದೆಯೋ, ಬಾಯಿ ಮುಚ್ಚಿದೆಯೋ ತೆರೆದಿದೆಯೋ, ಇಷ್ಟು ನೋಡಿದರೆ ಸಾಕು.

ಆಮೇಲೆ ಜಿಂಕೆ ಬರುತ್ತದೆ, ಅದಕ್ಕೆ ವಿವರಣೆ ಬೇಡ. ನಿಜವಾದ ಕಷ್ಟ ಇರುವುದು ನೀವು ಕೇಳಿದ ಜಾಗದಲ್ಲೇ, ರಾಮ ಮತ್ತು ಲಕ್ಷ್ಮಣ. ಇಬ್ಬರ ಕೈಯಲ್ಲೂ ಬಿಲ್ಲು. ವನವಾಸದ ಗೊಂಬೆಯಾದರೆ ಇಬ್ಬರಿಗೂ ನೆತ್ತಿಯ ಮೇಲೆ ಜಟೆ. ಇಬ್ಬರಿಗೂ ಉದ್ದ ಕಣ್ಣು, ಚೂಪು ಮೂಗು, ಸಣ್ಣ ಸೊಂಟ. ಬರೀ ಹೊರಗೆರೆ ನೋಡಿ ಇವರನ್ನು ಬೇರೆ ಮಾಡಲು ಆಗುವುದಿಲ್ಲ, ಪಳಗಿದ ಕಣ್ಣಿಗೂ ಕಷ್ಟ.

ಇಲ್ಲಿ ಮೂರು ಸಂಗತಿ ಒಟ್ಟಿಗೆ ನೋಡಬೇಕು. ಒಂದು, ಮೈಬಣ್ಣ. ರಾಮನಿಗೆ ನೀಲಿ ಇಲ್ಲವೇ ಹಸಿರು, ಲಕ್ಷ್ಮಣನಿಗೆ ಅದಕ್ಕಿಂತ ತಿಳಿ ಬಣ್ಣ. ಆದರೆ ಹಳೆಯ ಗೊಂಬೆಗಳ ಮೇಲೆ ವರ್ಷಾನುಗಟ್ಟಲೆ ದೀಪದ ಹೊಗೆ ಕೂತಿರುತ್ತದೆ. ನೀಲಿ ಕಪ್ಪಾಗಿ, ಹಳದಿ ಕಂದಾಗಿ ಹೋಗಿರುತ್ತದೆ. ಹಿಂದೆ ಹರಳೆಣ್ಣೆ ದೀಪ ಇಡುತ್ತಿದ್ದರು, ಈಗ ಹೆಚ್ಚಾಗಿ ಬಲ್ಬು. ದೀಪದ ಕೆಂಪು ಬೆಳಕಿನಲ್ಲಿ ಕಂಡ ಬಣ್ಣ ಬಿಳಿ ಬಲ್ಬಿನಲ್ಲಿ ಹಾಗೇ ಕಾಣುವುದಿಲ್ಲ. ಹೀಗಾಗಿ ಯಾವ ಬಣ್ಣ ಅಂತ ಕೇಳಿಕೊಳ್ಳಬೇಡಿ. ಇಬ್ಬರಲ್ಲಿ ಯಾರ ಮೈಯಿಂದ ಬೆಳಕು ಕಡಿಮೆ ಹಾಯುತ್ತಿದೆ ಅಂತ ನೋಡಿ. ಹೆಚ್ಚು ಗಾಢವಾಗಿರುವವನು ರಾಮ.

ಎರಡು, ಬೆಳಕಿನ ಚುಕ್ಕೆ. ಕತ್ತಿನ ಹಾರ, ತೋಳಬಂದಿ, ಸೊಂಟದ ಪಟ್ಟಿ, ಕಾಲಿನ ಕಡಗ, ಇವೆಲ್ಲ ತೂತುಗಳ ಸಾಲುಗಳೇ. ಕಾಡಿನಲ್ಲಿದ್ದರೂ ರಾಮನ ಒಡವೆಯನ್ನು ಗೊಂಬೆ ಮಾಡುವವರು ಪೂರ್ತಿ ತೆಗೆಯುವುದಿಲ್ಲ. ಕೆಲವು ತಂಡಗಳಲ್ಲಿ ಕಾಡಿನಲ್ಲೂ ಕಿರೀಟದ ರಾಮನನ್ನೇ ಆಡಿಸುತ್ತಾರೆ. ಅಣ್ಣನ ಮೈಮೇಲೆ ಉಳಿಯ ಕೆಲಸ ಜಾಸ್ತಿ, ತಮ್ಮನ ಮೈಮೇಲೆ ಸ್ವಲ್ಪ ಕಡಿಮೆ, ನಾನು ಎತ್ತಿಕೊಟ್ಟ ಗೊಂಬೆಗಳಲ್ಲಿ ಹಾಗಿತ್ತು.

ಮೂರು, ಜಾಗ. ಇಬ್ಬರೂ ಒಟ್ಟಿಗೆ ಬಂದರೆ ರಾಮ ಮುಂದೆ, ಲಕ್ಷ್ಮಣ ಹಿಂದೆ. ನಮ್ಮ ಕಡೆ ಒಂದೇ ತೊಗಲಿನಲ್ಲಿ ರಾಮ, ಸೀತೆ, ಲಕ್ಷ್ಮಣ ಮೂವರನ್ನೂ ಕೊರೆದ ಗೊಂಬೆಗಳಿವೆ, ಅಂಥದ್ದರಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಬೇರೆ ಬೇರೆ ಗೊಂಬೆಗಳಾದರೆ ಕಥೆಯೇ ಕೈಹಿಡಿಯುತ್ತದೆ. ಜಿಂಕೆಯ ಹಿಂದೆ ಓಡುವವನು ರಾಮ, ಸೀತೆಯ ಬಳಿ ಉಳಿಯುವವನು ಲಕ್ಷ್ಮಣ.

ಇಲ್ಲಿ ನಾನು ಮಾಡಿದ ಒಂದು ತಪ್ಪು ಹೇಳಬೇಕು. ಶುರುವಿನಲ್ಲಿ ನಾನು ಬಿಲ್ಲು ಹಿಡಿದ ಕೈ ನೋಡಿ ಗುರುತಿಟ್ಟುಕೊಂಡಿದ್ದೆ. ರಾಮನ ಬಿಲ್ಲು ಪರದೆಯ ಬಲಕ್ಕೆ, ಲಕ್ಷ್ಮಣನದು ಎಡಕ್ಕೆ ಅಂತ. ಹತ್ತು ನಿಮಿಷದಲ್ಲೇ ಅದು ಹಾಳಾಯಿತು. ಚರ್ಮದಲ್ಲಿ ಬೆಳಕು ಹಾಯುವುದರಿಂದ ಗೊಂಬೆ ಎರಡು ಕಡೆಯಿಂದಲೂ ಒಂದೇ ತರ ಕಾಣುತ್ತದೆ. ಜಿಂಕೆಯ ಹಿಂದೆ ಓಡುವಾಗ ಒಂದು ಕಡೆ ಮುಖ, ವಾಪಸ್ ಬರುವಾಗ ಅದೇ ಗೊಂಬೆಯನ್ನು ತಿರುಗಿಸಿ ಹಿಡಿಯುತ್ತಾರೆ. ಬಿಲ್ಲೂ ತಿರುಗಿಬಿಡುತ್ತದೆ. ಎಡ ಬಲ ಇಲ್ಲಿ ಯಾವತ್ತೂ ಗುರುತಲ್ಲ. ಕೈಯಲ್ಲಿ ಏನಿದೆ ಅನ್ನುವುದು ಮಾತ್ರ ಗುರುತು.

ಈಗ ಆ ಸಂನ್ಯಾಸಿ. ನನಗೆ ಇಡೀ ಆಟದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಸೀತೆ ಒಬ್ಬಳೇ ಇದ್ದಾಳೆ, ಪರದೆಯ ಅಂಚಿನಿಂದ ಒಬ್ಬ ಮುನಿ ಬರುತ್ತಾನೆ. ಜಟೆ, ಗಡ್ಡ, ಒಂದು ಕೈಯಲ್ಲಿ ಕಮಂಡಲ, ಇನ್ನೊಂದರಲ್ಲಿ ದಂಡ, ಸ್ವಲ್ಪ ಬಾಗಿದ ಬೆನ್ನು. ಒಡವೆ ಇಲ್ಲ, ಬರೀ ರುದ್ರಾಕ್ಷಿಯ ಚುಕ್ಕೆಗಳು. ಅವನು ರಾವಣ ಅಂತ ಹೇಳುವ ಒಂದೇ ಒಂದು ಗುರುತೂ ಆ ಗೊಂಬೆಯಲ್ಲಿ ಇಲ್ಲದಿರಬಹುದು. ಎಷ್ಟೋ ಸಲ ಅದು ಬೇರೆ ಕಥೆಯಲ್ಲಿ ಋಷಿಯಾಗಿ ಬಂದ ಗೊಂಬೆಯೇ. ಚಿಕ್ಕ ತಂಡದ ಪೆಟ್ಟಿಗೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗೊಂಬೆ ಇರುವುದಿಲ್ಲ. ಮುನಿ, ಸೈನಿಕ, ರಾಕ್ಷಸ, ಇಂಥವು ಕಥೆಗೆ ತಕ್ಕಂತೆ ಹೆಸರು ಬದಲಿಸಿಕೊಳ್ಳುತ್ತವೆ. ಆಗ ನಿಮಗೆ ಅವನು ಯಾರು ಅಂತ ತಿಳಿಯದಿದ್ದರೆ ಅದು ನಿಮ್ಮ ಕಣ್ಣಿನ ದೋಷ ಅಲ್ಲ. ಸೀತೆಗೂ ತಿಳಿದಿರಲಿಲ್ಲ ಅಲ್ವಾ?

ಮರುಕ್ಷಣ ಆ ಗೊಂಬೆಯನ್ನು ಸರ್ರನೆ ತೆಗೆದು ಇನ್ನೊಂದನ್ನು ಪರದೆಗೆ ಒತ್ತುತ್ತಾರೆ. ಸಾಲು ತಲೆಗಳು, ತಲೆಗಳ ಮೇಲೆ ಕಿರೀಟಗಳು, ಬೀಸಣಿಗೆಯ ಹಾಗೆ ಹರಡಿದ ತೋಳುಗಳು, ತೋಳಿಗೊಂದು ಆಯುಧ. ಹುರಿ ಮೀಸೆ, ಉರುಟು ಕಣ್ಣು. ಮೈತುಂಬ ತೂತುಗಳು, ಬೆಳಕು ಸುರಿದ ಹಾಗೆ. ತಲೆಗಳನ್ನು ಎಣಿಸಲು ಹೋಗಬೇಡಿ. ಪಕ್ಕಕ್ಕೆ ತಿರುಗಿದ ಮುಖಗಳು ಒಂದರ ಮೇಲೊಂದು ಸೇರಿಕೊಂಡಿರುತ್ತವೆ, ಹತ್ತೂ ಬಿಡಿಬಿಡಿಯಾಗಿ ಕಾಣಲೇಬೇಕು ಅಂತಿಲ್ಲ. ಭುಜಕ್ಕಿಂತ ತಲೆಯ ಭಾಗ ಅಗಲ ಕಂಡರೆ ಅವನೇ ರಾವಣ.

ಗಾತ್ರದ ಪಾಠವೂ ಇಲ್ಲೇ ಇದೆ. ಕರ್ನಾಟಕದ ಗೊಂಬೆಗಳಲ್ಲಿ ಪಾತ್ರದ ಸ್ಥಾನಕ್ಕೆ ತಕ್ಕ ಗಾತ್ರ. ದೇವರು, ರಾಜರು ದೊಡ್ಡವರು, ಸೇವಕರು, ಸಾಮಾನ್ಯರು ಚಿಕ್ಕವರು. ನಿಜವಾದ ಆಳಿನ ಎತ್ತರಕ್ಕೂ ಇದಕ್ಕೂ ಸಂಬಂಧ ಇಲ್ಲ. ಮುನಿಯ ಗೊಂಬೆ ಹೋಗಿ ರಾವಣನ ಗೊಂಬೆ ಬಂದಾಗ ಪರದೆಯೇ ಸಾಲದು ಅನ್ನಿಸುವುದು ಅದಕ್ಕೇ. ಆಟದ ಶುರುವಿನಲ್ಲಿ ಗಣಪತಿ, ಸರಸ್ವತಿ ಆದಮೇಲೆ ಬರುವ ಹಾಸ್ಯದ ಜೋಡಿ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕನನ್ನು ನೆನಪಿಸಿಕೊಳ್ಳಿ. ಸೊಟ್ಟ ಕೈಕಾಲು, ಡೊಳ್ಳು ಹೊಟ್ಟೆ, ಒಡವೆ ಅನ್ನುವಂಥದ್ದು ಹೆಚ್ಚಿಲ್ಲ. ರಾಮನ ಗೊಂಬೆ ಗಂಭೀರವಾಗಿ ನಿಂತಲ್ಲೇ ತೂಗಿದರೆ ಇವರ ಕೈಕಾಲು ಬೇರೆ ಬೇರೆಯಾಗಿ ಆಡುತ್ತವೆ.

ಆದರೆ ಗಾತ್ರ ನೋಡುವಾಗ ಒಂದು ಎಚ್ಚರಿಕೆ. ಗೊಂಬೆ ಪರದೆಗೆ ಒತ್ತಿಕೊಂಡಿರುವಾಗ ಮಾತ್ರ ಅಳೆಯಿರಿ. ಗೊಂಬೆಯನ್ನು ಪರದೆಯಿಂದ ಹಿಂದಕ್ಕೆ, ದೀಪದ ಕಡೆಗೆ ಎಳೆದರೆ ನೆರಳು ದೊಡ್ಡದಾಗುತ್ತದೆ. ಲಕ್ಷ್ಮಣನನ್ನು ಪರದೆಯಿಂದ ತೆಗೆಯುವಾಗ ಒಂದು ಗಳಿಗೆ ಅವನು ರಾವಣನಷ್ಟು ಬೆಳೆದ ಹಾಗೆ ಕಾಣುತ್ತಾನೆ. ಗುರುತಿಸುವುದು ಹೇಗೆ ಅಂದರೆ, ಅಂಚು ಮಸುಕಾಗುತ್ತದೆ ಮತ್ತು ಒಡವೆಯ ಚುಕ್ಕೆಗಳು ಕಲಸಿಹೋಗುತ್ತವೆ. ಚುಕ್ಕೆ ಚೊಕ್ಕವಾಗಿ ಕಾಣುತ್ತಿದ್ದರೆ ಆ ಗಾತ್ರ ನಿಜ, ಕಲಸಿದ್ದರೆ ಸುಳ್ಳು.

ಇನ್ನೊಂದು, ಒಂದು ತಂಡದ ಗಾತ್ರವನ್ನು ಇನ್ನೊಂದು ತಂಡಕ್ಕೆ ಹಚ್ಚಬೇಡಿ. ಚಿಕ್ಕ ಗೊಂಬೆಯ ಆಟವೇ ಬೇರೆ, ದೊಡ್ಡ ಗೊಂಬೆಯ ಆಟವೇ ಬೇರೆ. ಬಳ್ಳಾರಿ ಕಡೆಯ ಸೇವಕನ ಗೊಂಬೆ ಹಳೆ ಮೈಸೂರು ಕಡೆಯ ರಾಜನಷ್ಟು ಎತ್ತರ ಇರಬಹುದು. ಆಂಧ್ರದ ಗೊಂಬೆಗಳಂತೂ ಆಳೆತ್ತರಕ್ಕೆ ಹೋಗುತ್ತವೆ. ಅದೇ ಆಟದಲ್ಲಿ, ಅದೇ ಪರದೆಯ ಮೇಲೆ ಪಕ್ಕದಲ್ಲಿರುವ ಗೊಂಬೆಯ ಜೊತೆ ಮಾತ್ರ ಹೋಲಿಸಿ.

ಕಣ್ಣು ಪಳಗಿಸಿಕೊಳ್ಳಬೇಕಿದ್ದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಹಳೆಯ ತೊಗಲುಗೊಂಬೆಗಳ ಒಳ್ಳೆಯ ಸಂಗ್ರಹ ಇದೆ. ಯಾವ ಸಂಗ್ರಹಕ್ಕೆ ಹೋದರೂ ಹಿಂದಿನಿಂದ ಬೆಳಕು ಬೀಳುವ ಗೊಂಬೆಯ ಮುಂದೆ ನಿಲ್ಲಿ. ಬೆಳಕಿಲ್ಲದೆ ಸುಮ್ನೆ ಗೋಡೆಗೆ ತೂಗಿದ ಗೊಂಬೆ ಕಂದು ತೊಗಲಿನ ಹಾಗಷ್ಟೇ ಕಾಣುತ್ತದೆ. ಪಟ್ಟಾಭಿಷೇಕದಂಥ ಗುಂಪಿನ ಗೊಂಬೆ ಸಿಕ್ಕರೆ ಬಿಡಬೇಡಿ. ಎಲ್ಲರೂ ಒಂದೇ ತೊಗಲಿನಲ್ಲಿ, ಒಂದೇ ಕೈ ಕೊರೆದದ್ದು, ಒಂದೇ ಬೆಳಕು. ಮಧ್ಯದಲ್ಲಿ ಕೂತವರ ತಲೆಯಿಂದ ಶುರು ಮಾಡಿ ಅಂಚಿನಲ್ಲಿ ನಿಂತವರವರೆಗೆ ಬನ್ನಿ. ಬಾಲ ಕಂಡಲ್ಲಿ ಹನುಮಂತ. ಲಕ್ಷ್ಮಣನನ್ನು ಮಾತ್ರ ಹುಡುಕಬೇಕಾಗುತ್ತದೆ.