ಬಿಲ್ಲಲ್ಲಿ ಕ್ವಾಂಟಿಟಿ ತಪ್ಪಾಗಿದ್ರೆ ವೆಂಡರ್‌ಗೆ ಮೇಲ್ ಹೇಗೆ ಬರೀಬೇಕು?

"ವೆಂಡರ್ ಕಳಿಸಿರೋ ಬಿಲ್ಲಲ್ಲಿ ನಮಗೆ ಬಂದ ಮಾಲಿಗಿಂತ ಕ್ವಾಂಟಿಟಿ ಜಾಸ್ತಿ ಇದೆ. ಫೋನ್ ಮಾಡಿದ್ರೆ 'ನೋಡ್ತೀವಿ ಸರ್' ಅಂತಾರೆ, ಏನೂ ಆಗಲ್ಲ. ಮೇಲ್ ಹಾಕೋಣ ಅಂತಿದೀನಿ, ಏನು ಬರೀಬೇಕು?"

ನಾನು ಪೀಣ್ಯದಲ್ಲಿ ಪ್ಯಾನೆಲ್ ಬೋರ್ಡ್ ಮಾಡೋ ಒಂದು ಯೂನಿಟ್ಟಲ್ಲಿ ಪರ್ಚೇಸ್ ಬಿಲ್‌ಗಳನ್ನ ನೋಡ್ಕೋತೀನಿ, ಇಂಥ ಮೇಲ್ ತಿಂಗಳಿಗೆ ಒಂದೆರಡಾದ್ರೂ ಬರೀಬೇಕಾಗುತ್ತೆ. ಆ ಕಡೆ ಬಿಲ್ಲಿಂಗ್ ಮಾಡೋರು ಕೂತ ಜಾಗದಿಂದ ಏಳದೇ, ಯಾರನ್ನೂ ಕೇಳದೇ, ನಿಮ್ಮ ಮೇಲ್ ನೋಡ್ಕೊಂಡೇ ಕ್ರೆಡಿಟ್ ನೋಟ್ ಹಾಕೋ ಹಾಗಿರಬೇಕು, ನಾನು ಬರೆಯೋದು ಅಷ್ಟನ್ನ ಮನಸಲ್ಲಿಟ್ಕೊಂಡು. "ಕ್ವಾಂಟಿಟಿ ಮ್ಯಾಚ್ ಆಗ್ತಿಲ್ಲ, ದಯವಿಟ್ಟು ಚೆಕ್ ಮಾಡಿ" ಅಂತ ಬರೆದ್ರೆ ಹುಡುಕೋ ಕೆಲಸ ಅವರ ತಲೆ ಮೇಲೆ ಹಾಕಿದ ಹಾಗೆ, ಆಗ ಅದು ಪಕ್ಕಕ್ಕೆ ಹೋಗುತ್ತೆ.

ಬರೆಯೋಕ್ ಮುಂಚೆ ಪಿಓ, ಡೆಲಿವರಿ ಚಲನ್, ಎಷ್ಟು ಮಾಲು ಬಂತು ಅಂತ ಬರೆಯೋ ನಿಮ್ಮ ಸ್ಟೋರ್ಸ್‌ನ ಜಿಆರ್‌ಎನ್, ಬಿಲ್ಲು ನಾಲ್ಕನ್ನೂ ಪಕ್ಕಪಕ್ಕ ಇಟ್ಕೊಂಡು ನೋಡಿ. ನಾನು ಮೊದಲು ನೋಡೋದು ಯೂನಿಟ್. ಪಿಓದಲ್ಲಿ ನಂಬರ್ಸ್ ಅಂತ ಇರುತ್ತೆ, ಬಿಲ್ಲಲ್ಲಿ ಪ್ಯಾಕೆಟ್ ಅಂತ ಇರುತ್ತೆ, ಎಷ್ಟೋ ಸಲ ತಪ್ಪೇ ಇರಲ್ಲ, ಲೆಕ್ಕ ಹಾಕೋ ರೀತಿ ಬೇರೆ ಅಷ್ಟೇ. ಆಮೇಲೆ ಬಾಕಿ ಮಾಲು ಇನ್ನೊಂದು ಗಾಡೀಲಿ ಬರೋದಿದೆಯಾ ಅಂತ ಕೇಳ್ಕೊಳ್ಳಿ. ಇನ್ನೊಂದು, ಸ್ಟೋರ್ಸ್‌ನವರು ಮಾಲು ಕಮ್ಮಿ ಬಂತು ಅಂತಿದಾರಾ ಇಲ್ಲಾ ಕ್ವಾಲಿಟಿ ಸರಿ ಇಲ್ಲ ಅಂತ ಪಕ್ಕಕ್ಕಿಟ್ಟಿದಾರಾ, ಇದು ಗೊತ್ತಿರಲೇಬೇಕು, ಯಾಕಂದ್ರೆ ರಿಜೆಕ್ಟ್ ಆದ ಮಾಲು ಅವರಿಗೆ ವಾಪಸ್ ಹೋಗಬೇಕು, ಕಮ್ಮಿ ಬಂದದ್ದಕ್ಕೆ ವಾಪಸ್ ಕಳಿಸೋಕೆ ಏನೂ ಇರಲ್ಲ, ಎರಡನ್ನೂ ಒಂದೇ ಮೇಲಲ್ಲಿ ಕಲಸಿದ್ರೆ ಗೊಂದಲ.

ಲೈನ್ ನಂಬರ್ ಯಾವಾಗ್ಲೂ ಅವರ ಬಿಲ್ಲಿಂದು ಕೊಡಿ, ನಿಮ್ಮ ಪಿಓದು ಅಲ್ಲ. ಶುರುವಲ್ಲಿ ನಾನು ಪಿಓ ಲೈನ್ ನಂಬರ್ ಹಾಕಿ ಕಳಿಸಿದ್ದೆ, ಅವರು ಬಿಲ್ಲಲ್ಲಿ ಅದೇ ನಂಬರಿನ ಐಟಂ ನೋಡಿ ಬೇರೆ ಯಾವುದಕ್ಕೋ ಕ್ರೆಡಿಟ್ ನೋಟ್ ಹಾಕಿಬಿಟ್ರು, ಅದನ್ನ ಸರಿ ಮಾಡಿಸೋಕೆ ಇನ್ನೊಂದು ತಿಂಗಳು ಹೋಯ್ತು. ಆವತ್ತಿಂದ ಬಿಲ್ ಲೈನ್ ನಂಬರ್ ಜೊತೆ ಐಟಂ ಹೆಸರೂ ಬರೀತೀನಿ.

ನಾನು ಕಳಿಸೋ ಮೇಲ್ ಈ ಥರ ಇರುತ್ತೆ, ನಂಬರ್‌ಗಳನ್ನ ಮಾತ್ರ ಬದಲಾಯಿಸಿದೀನಿ:

ವಿಷಯ: ಬಿಲ್ ನಂ. 412 (ಪಿಓ 88) – ಲೈನ್ 2 ಮತ್ತು 4ರಲ್ಲಿ ಕ್ವಾಂಟಿಟಿ ವ್ಯತ್ಯಾಸ, ₹2,065ಕ್ಕೆ ಕ್ರೆಡಿಟ್ ನೋಟ್ ಬೇಕು

ನಮಸ್ಕಾರ ಸರ್,
3ನೇ ತಾರೀಕು ಬಂದ ಮಾಲನ್ನ ನಿಮ್ಮ ಬಿಲ್ ನಂ. 412ರ ಜೊತೆ ತಾಳೆ ನೋಡಿದೆವು. ಲೈನ್ 1 ಮತ್ತು 3 ಸರಿ ಇವೆ.

ಲೈನ್ 2, ಎಂ8 × 25 ಬೋಲ್ಟ್: ಪಿಓ 2,000, ಬಿಲ್ 2,000, ಬಂದಿರೋದು 1,800. 200ರ ಬ್ಯಾಗ್ 10 ಬರಬೇಕಿತ್ತು, 9 ಬಂದಿದೆ. ಕಮ್ಮಿ 200 × ₹6.50 = ₹1,300.

ಲೈನ್ 4, ಕೇಬಲ್ ಟೈ: ಪಿಓ 30 ಪ್ಯಾಕೆಟ್, ಬಿಲ್ 30, ಬಂದಿರೋದು 25. ಕಮ್ಮಿ 5 × ₹90 = ₹450.

ಲೈನ್ 5, ವಾಷರ್: ಪಿಓ 2,000, ಬಿಲ್ 2,000, ಬಂದಿರೋದು 2,200. 200 ಜಾಸ್ತಿ ಇದೆ. ಇದನ್ನ ಬೇರೆಯಾಗಿ ಇಟ್ಟಿದೀವಿ. ಬೇಕಿದ್ದರೆ ವಾಪಸ್ ತಗೊಳ್ಳಿ, ಇಲ್ಲವಾದರೆ ಅದಕ್ಕೆ ಬೇರೆ ಬಿಲ್ ಹಾಕಿ, ಇಟ್ಕೋತೀವಿ.

ಲೈನ್ 2 ಮತ್ತು 4 ಸೇರಿ ₹1,750, ಜಿಎಸ್‌ಟಿ ಶೇ. 18 ₹315, ಒಟ್ಟು ₹2,065. ಇದಕ್ಕೆ ಬಿಲ್ 412ರ ಮೇಲೆ ಕ್ರೆಡಿಟ್ ನೋಟ್ ಕೊಡಿ. ಬಿಲ್ ಮೊತ್ತ ₹28,320ರಲ್ಲಿ ಉಳಿದ ₹26,255ಕ್ಕೆ ನಮ್ಮ ಆಕ್ಷೇಪ ಇಲ್ಲ, ಅದು ಡ್ಯೂ ಡೇಟ್‌ಗೆ ಬರುತ್ತೆ. ಡ್ರೈವರ್ ಸೈನ್ ಮಾಡಿದ ಚಲನ್, ಜಿಆರ್‌ಎನ್ ಎರಡೂ ಜೊತೆಗಿವೆ. 10ನೇ ತಾರೀಕಿನೊಳಗೆ ತಿಳಿಸಿ.

ಮೇಲ್ ಇಷ್ಟೇ. ಇದರಲ್ಲಿ ಮೂರು ವಿಷಯ ಯಾಕಿದೆ ಅಂತ ಹೇಳ್ತೀನಿ.

ಬ್ಯಾಗ್ ಲೆಕ್ಕ ಯಾಕೆ ಬರೆದೆ ಅಂದ್ರೆ, ಬೋಲ್ಟ್ ವಾಷರ್ ಎಲ್ಲಾ ಯಾರೂ ಒಂದೊಂದಾಗಿ ಎಣಿಸಲ್ಲ, ತೂಕದಲ್ಲೇ ಎಣಿಸೋದು, ಅದಕ್ಕೆ ವೆಂಡರ್ ಕೇಳೋ ಮೊದಲ ಪ್ರಶ್ನೆನೇ "ಹೇಗೆ ಎಣಿಸಿದ್ರಿ" ಅಂತ. ಒಂದು ಸೀಲ್ ಬ್ಯಾಗೇ ಕಮ್ಮಿ ಅಂದಾಗ ಅವರಿಗೆ ತಕ್ಷಣ ಹೊಳೆಯುತ್ತೆ, ಗೋಡೌನಲ್ಲಿ ಒಂದು ಬ್ಯಾಗ್ ಉಳಿದಿದೆಯಾ ಅಂತ ನೋಡಿಬಿಡ್ತಾರೆ. ಬಿಡಿ ಮಾಲಾಗಿದ್ರೆ 100 ಪೀಸ್ ಕೈಯಲ್ಲಿ ಎಣಿಸಿ ತೂಕ ಮಾಡಿ, ಒಂದು ಪೀಸ್ ತೂಕ ತೆಗೆದು, ಅದರಿಂದ ಒಟ್ಟು ತೂಕ ಭಾಗಿಸಿದ್ವಿ ಅಂತ ಬರೀರಿ, ಆದ್ರೆ ಆ ಲೆಕ್ಕದಲ್ಲಿ ನಾಲ್ಕೈದು ಪೀಸ್ ಹೆಚ್ಚುಕಮ್ಮಿ ಬಂದ್ರೆ ಅದಕ್ಕೆ ಜಗಳ ಬೇಡ, ತಕ್ಕಡೀದೇ ವ್ಯತ್ಯಾಸ ಇರಬಹುದು.

ಜಾಸ್ತಿ ಬಂದ ವಾಷರ್ ವಿಷಯ ತುಂಬಾ ಜನ ಮುಚ್ಚಿಡ್ತಾರೆ, ಇಲ್ಲಾ ಕಮ್ಮಿ ಬಂದದ್ದರಲ್ಲಿ ಕಳೆದು ಒಂದೇ ಮೊತ್ತ ಬರೀತಾರೆ. ಎರಡೂ ಬೇಡ. ಕಳೆದು ಬರೆದ್ರೆ ಕ್ರೆಡಿಟ್ ನೋಟಲ್ಲಿರೋ ಕ್ವಾಂಟಿಟಿ ನಿಮ್ಮ ಸ್ಟಾಕ್‌ಗೂ ಹೊಂದಲ್ಲ ಅವರ ಸ್ಟಾಕ್‌ಗೂ ಹೊಂದಲ್ಲ. ಮುಚ್ಚಿಟ್ರೆ ಅವರ ಸ್ಟಾಕ್ ಚೆಕಿಂಗಲ್ಲಿ ಒಂದಿನ ಹೊರಗೆ ಬರುತ್ತೆ, ಆಮೇಲೆ ನೀವು ಕಮ್ಮಿ ಬಂತು ಅಂದ್ರೂ ನಂಬಲ್ಲ.

ಮೂರನೇದು, ಎಷ್ಟು ದುಡ್ಡಿಗೆ ತಕರಾರು ಇಲ್ಲ ಅಂತ ಬಾಯ್ಬಿಟ್ಟು ಹೇಳೋದು. ₹2,065ಕ್ಕೋಸ್ಕರ ₹28,320 ಪೂರ್ತಿ ತಡೆ ಹಿಡಿದ್ರೆ ಅವರಿಗೆ ಕೋಪ ಬರೋದು ಸಹಜ, ಮತ್ತೆ ಅದು ನ್ಯಾಯಾನೂ ಅಲ್ಲ. ಸಣ್ಣ ವೆಂಡರ್‌ಗಳ ದಿನದ ವ್ಯವಹಾರ ನಡೆಯೋದೇ ಇಂಥ ಪೇಮೆಂಟ್ ಮೇಲೆ.

ಟೈಮ್ ಬಗ್ಗೆ ಒಂದು ಮಾತು. ವೆಂಡರ್ ಉದ್ಯಮ್ ರಿಜಿಸ್ಟ್ರೇಶನ್ ಇರೋ ಮೈಕ್ರೋ ಇಲ್ಲಾ ಸ್ಮಾಲ್ ಯೂನಿಟ್ ಆದ್ರೆ, 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಮಾಲು ಬಂದ 15 ದಿನದೊಳಗೆ ಬರವಣಿಗೇಲಿ ಆಕ್ಷೇಪ ಹೇಳಬೇಕು, ಹೇಳದಿದ್ರೆ ಮಾಲು ಬಂದ ದಿನಾನೇ ನೀವು ಒಪ್ಕೊಂಡ ಹಾಗೆ, ಪೇಮೆಂಟ್ ದಿನ ಅಲ್ಲಿಂದಾನೇ ಎಣಿಕೆ, ಲಿಖಿತ ಒಪ್ಪಂದ ಇದ್ರೂ 45 ದಿನ ದಾಟೋ ಹಾಗಿಲ್ಲ. ಫೋನಲ್ಲಿ ಹತ್ತು ಸಲ ಹೇಳಿದ್ರೂ ಅದು ಬರವಣಿಗೆ ಅಲ್ಲ, ಹಾಗಾಗಿ ಇವತ್ತೇ ಮೇಲ್ ಹಾಕಿ. ನಾನು 10ನೇ ತಾರೀಕು ಅಂತ ಕೇಳಿದ್ದಕ್ಕೂ ಕಾರಣ ಇದೆ, ತಿಂಗಳ ತಿಂಗಳ ರಿಟರ್ನ್ ಹಾಕೋ ವೆಂಡರ್ ಜಿಎಸ್‌ಟಿಆರ್-1 ಹಾಕೋಕೆ ಮುಂದಿನ ತಿಂಗಳ 11 ಕೊನೆ ದಿನ, ಹೋದ ತಿಂಗಳ ಕೊನೇಲಿ ಮಾಡಿದ ಬಿಲ್ ಆಗಿದ್ರೆ ತಪ್ಪು ಎಲ್ಲಿದೆ ಅಂತ ಗೊತ್ತಾದ ಮೇಲೇ ರಿಟರ್ನ್ ಹಾಕ್ತಾರೆ.

"ಬಿಲ್ಲನ್ನೇ ತಿದ್ದಿ ಕಳಿಸ್ತೀವಿ" ಅಂದ್ರೆ ಹುಷಾರು. ಇ-ಇನ್ವಾಯ್ಸ್ ಆಗಿದ್ರೆ ಪೋರ್ಟಲಲ್ಲಿ ಕ್ಯಾನ್ಸಲ್ ಮಾಡೋಕೆ 24 ಗಂಟೆ ಮಾತ್ರ ಟೈಮ್, ಆಮೇಲೆ ಕ್ರೆಡಿಟ್ ನೋಟ್ ಕೇಳೋದೇ ಒಳ್ಳೇದು. ಅದೇ ನಂಬರಲ್ಲಿ ಪಿಡಿಎಫ್ ಮಾತ್ರ ತಿದ್ದಿ ಕಳಿಸಿದ್ರೆ ಜಿಎಸ್‌ಟಿ ಪೋರ್ಟಲಲ್ಲಿ ನಿಮಗೆ ಬರೋ ಜಿಎಸ್‌ಟಿಆರ್-2ಬಿಯಲ್ಲಿ ಹಳೇ ಮೊತ್ತಾನೇ ಕಾಣ್ತಿರುತ್ತೆ. ಬರದೇ ಇರೋ ಮಾಲಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ತಗೊಳ್ಳೋ ಹಾಗಿಲ್ಲ, ಆದ್ದರಿಂದ ಈ ಲೆಕ್ಕದಲ್ಲಿ ಆ ₹315 ಕ್ಲೈಮ್ ಮಾಡಬೇಡಿ.

ಕ್ರೆಡಿಟ್ ನೋಟ್ ಬಂದ ಮೇಲೆ ಅದರಲ್ಲಿ 412 ಅನ್ನೋ ಬಿಲ್ ನಂಬರ್ ಇದೆಯಾ, ಬೋಲ್ಟ್ 200, ಕೇಬಲ್ ಟೈ 5 ಅಂತ ಬೇರೆಬೇರೆಯಾಗಿ ಇದೆಯಾ, ಟ್ಯಾಕ್ಸ್ ಸೇರಿಸಿದಾರಾ ನೋಡಿ. ಟ್ಯಾಕ್ಸ್ ಬಿಟ್ಟು ಬರೀ ₹1,750ಕ್ಕೆ ಕೊಟ್ಟಿದ್ರೆ ಇದೇ ಮೇಲ್‌ಗೆ ರಿಪ್ಲೈ ಮಾಡಿ ಕೇಳಿ, ಹೊಸ ಮೇಲ್ ಶುರು ಮಾಡಬೇಡಿ, ಚಲನ್ ಕಾಪಿ ಎಲ್ಲಾ ಅಲ್ಲೇ ಕೆಳಗಡೆ ಇರುತ್ತೆ.